ಅಪಸ್ಮಾರ ಪಾಠ: ಮೊದಲು ಗಡಿಯಾರ

ಸದಸ್ಯರೇ, ಮುಂದಿನ ತರಗತಿಯಲ್ಲಿ ರೋಗಿಯ ಮನೆಯವರಿಗೆ ಸೆಳವಿನ ಸಮಯ ಗುರುತಿಸುವುದನ್ನೇ ಮೊದಲು ಕಲಿಸಬೇಕೆಂದು ಕೋರುತ್ತೇನೆ. ಇಪ್ಪತ್ತು ನಿಮಿಷ ಸೆಳವಿತ್ತು ಎಂದು ಅವರು ಹೇಳಿದಾಗ, ಕೈಕಾಲು ಅದುರಿದ್ದು 2 ನಿಮಿಷ ಮಾತ್ರವಾಗಿದ್ದು, ಉಳಿದದ್ದೆಲ್ಲ ಆಮೇಲಿನ ಮಂಪರು ಆಗಿರುವುದುಂಟು. ಆದ್ದರಿಂದ ಅದುರುವಿಕೆ ನಿಂತ ಹೊತ್ತನ್ನೂ, ಕರೆದಾಗ ಸರಿಯಾಗಿ ಉತ್ತರಿಸಿದ ಹೊತ್ತನ್ನೂ ಬೇರೆಬೇರೆಯಾಗಿ ಬರೆಯುವುದನ್ನು ಅಭ್ಯಾಸ ಮಾಡಿಸಿ. ಅದುರುವಿಕೆ 5 ನಿಮಿಷ ದಾಟಿದರೆ ಅಥವಾ ಎಚ್ಚರ ಮರಳುವ ಮೊದಲೇ ಇನ್ನೊಂದು ಸೆಳವು ಬಂದರೆ ಆಂಬುಲೆನ್ಸ್ ಕರೆಯಬೇಕು. ತಲೆಯಡಿ ಮೆತ್ತನೆಯ ಬಟ್ಟೆಯಿಟ್ಟು, ಅದುರುವಿಕೆ ನಿಂತೊಡನೆ ಮಗ್ಗುಲಿಗೆ ಹೊರಳಿಸುವುದನ್ನು ನೆಲದ ಮೇಲೆ ಮಾಡಿ ತೋರಿಸಿ. ಬಾಯಿಗೆ ಏನನ್ನೂ ತುರುಕಬಾರದೆಂಬುದನ್ನು ಅವರು ಕೇಳದಿದ್ದರೂ ಹೇಳಿ, ಏಕೆಂದರೆ ಹಲ್ಲು ಮುರಿಯುವುದು ಹೀಗೆಯೇ. ವೀಡಿಯೊ ತೆಗೆಯುವವರು ಇನ್ನೊಬ್ಬರು ಆರೈಕೆಗಿದ್ದಾಗ ಮಾತ್ರ ತೆಗೆಯಲಿ. ಮೊದಲು ಅದುರಿದ್ದು ಯಾವ ಕೈ, ತಲೆ ತಿರುಗಿದ್ದು ಯಾವ ಕಡೆಗೆ ಎಂಬುದು ಅದರಲ್ಲಿ ಕಾಣಬೇಕು.