ಸೈರನ್ ಕೇಳಿಸದವನಿಗೆ ದೀಪದ ಚಿತ್ರ: ಕಲಬುರಗಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಕಲಬುರಗಿಯಲ್ಲಿದ್ದುಕೊಂಡು ಕಿರುಚಿತ್ರಗಳಿಗೆ ಮತ್ತು ಜಾಗೃತಿ ವಿಡಿಯೋಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುವ ಕೆಲಸ ಮಾಡುತ್ತೇನೆ. ನನ್ನ ತವರುಮನೆ ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಒಂದು ಹಳ್ಳಿಯಲ್ಲಿದೆ. 2020ರ ಅಕ್ಟೋಬರಿನ ಪ್ರವಾಹವನ್ನು ಕಂಡ ಊರು ಅದು. ಅಲ್ಲಿರುವ ನನ್ನ ತಮ್ಮನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ.

ಕಳೆದ ಮಳೆಗಾಲದಲ್ಲಿ ಒಂದು ಖಾಸಗಿ ಸಂಸ್ಥೆ ಮಾಡಿದ ಪ್ರವಾಹ ಜಾಗೃತಿಯ ವಿಡಿಯೋ ಅವನ ವಾಟ್ಸಾಪ್‌ಗೆ ಬಂತು. ಶ್ರವಣದೋಷವುಳ್ಳವರಿಗೆಂದೇ ಅದರಲ್ಲಿ ಸಬ್‌ಟೈಟಲ್ ಹಾಕಿದ್ದರು, ಮಾತುಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ಸದ್ದುಗಳಿಗೆ ಮಾತ್ರ ಎಮೋಜಿ ಇಟ್ಟಿದ್ದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಗಳೊಬ್ಬಳು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ತಲೆ ಎತ್ತುತ್ತಾಳೆ. ಆ ಹೊತ್ತಿಗೆ ಪರದೆಯ ಕೆಳಗೆ 🚨 ಎಂಬ ಗುರುತು ಮೂಡುತ್ತದೆ. ನನ್ನ ತಮ್ಮ ವಿಡಿಯೋ ನಿಲ್ಲಿಸಿ, ಹಿಂದಕ್ಕೆ ಎಳೆದು, ಮತ್ತೆ ನೋಡಿ, ನನ್ನನ್ನು ಸನ್ನೆಯಲ್ಲಿ ಕೇಳಿದ: "ದೀಪ ಎಲ್ಲಿದೆ? ಪೊಲೀಸರ ಗಾಡಿ ಎಲ್ಲಿ ನಿಂತಿದೆ?" ಅವನು ಚಿತ್ರದ ಮೂಲೆ ಮೂಲೆಯಲ್ಲಿ ಕೆಂಪು ದೀಪ ಹುಡುಕುತ್ತಿದ್ದ. ಅಲ್ಲಿ ಕೇಳಿಸುತ್ತಿದ್ದುದು, ಅಣೆಕಟ್ಟಿನಿಂದ ನೀರು ಬಿಡುವ ಮೊದಲು ಕೂಗಿಸುವ ಸೈರನ್.

ನನ್ನ ತಮ್ಮ ತಪ್ಪಾಗಿ ಓದಿರಲಿಲ್ಲ. ಆ ಎಮೋಜಿಗೆ ಯೂನಿಕೋಡ್ ಇಟ್ಟಿರುವ ಹೆಸರೇ ಪೊಲೀಸ್ ಗಾಡಿಯ ತಿರುಗುವ ದೀಪ ಎಂಬ ಅರ್ಥದ್ದು. ಕಿವಿ ಕೇಳುವ ನಾವು ಆ ದೀಪ ಕಂಡ ಕೂಡಲೇ ಮನಸ್ಸಿನಲ್ಲೇ ಅದಕ್ಕೆ ಸದ್ದು ಸೇರಿಸಿಕೊಳ್ಳುತ್ತೇವೆ, ಏಕೆಂದರೆ ಆ ಎರಡನ್ನೂ ಜೊತೆಯಲ್ಲೇ ಎಷ್ಟೋ ಸಲ ಅನುಭವಿಸಿದ್ದೇವೆ. ಆ ಸದ್ದನ್ನು ಎಂದೂ ಕೇಳದವನಿಗೆ ದೀಪ ದೀಪವೇ. ಎಮೋಜಿಗಳ ಮೂಲ ತೊಡಕು ಇರುವುದು ಇಲ್ಲಿ: ಅವುಗಳಲ್ಲಿ ಹೆಚ್ಚಿನವು ಸದ್ದು ಮಾಡುವ ವಸ್ತುವನ್ನು ತೋರಿಸುತ್ತವೆಯೇ ಹೊರತು, ಸದ್ದು ಆಗುತ್ತಿದೆ ಎಂಬುದನ್ನು ಹೇಳುವುದಿಲ್ಲ. ವಸ್ತು ಚಿತ್ರದಲ್ಲೇ ಕಾಣುತ್ತಿದ್ದರೆ ಎಮೋಜಿ ಬರೀ ಪುನರಾವರ್ತನೆಯಾಗುತ್ತದೆ. ಕಾಣದಿದ್ದರೆ, ಇಲ್ಲದ ವಸ್ತುವನ್ನು ಹುಡುಕಲು ಹಚ್ಚುತ್ತದೆ. ಸಬ್‌ಟೈಟಲ್‌ನಲ್ಲಿ ಸದ್ದನ್ನು ಬರೆಯುವ ಅಗತ್ಯ ಬಹುತೇಕ ಬೀಳುವುದೇ ಸದ್ದಿನ ಮೂಲ ಕಣ್ಣಿಗೆ ಕಾಣದಿದ್ದಾಗ.

ಅದೇ ದೃಶ್ಯವನ್ನು ನಾನು ಮನೆಯಲ್ಲಿ ಕೂತು ಹೀಗೆ ತಿದ್ದಿದೆ:

```
12
00:01:14,200 --> 00:01:17,700
[ದೂರದಲ್ಲಿ ಅಣೆಕಟ್ಟಿನ ಸೈರನ್ ಕೂಗುತ್ತಿದೆ]

13
00:01:41,000 --> 00:01:43,500
[ಸೈರನ್ ನಿಂತಿತು]
```

ನಾಲ್ಕು ಪದಗಳಲ್ಲಿ ಸದ್ದು ಯಾವುದು, ಯಾವುದರದ್ದು, ಎಷ್ಟು ದೂರದ್ದು, ಇನ್ನೂ ನಡೆಯುತ್ತಿದೆಯೇ ಎಂಬ ಎಲ್ಲವೂ ಬಂದವು. ಎರಡನೆಯ ಸಾಲು ಇನ್ನೂ ಮುಖ್ಯವೆಂದು ನನಗನ್ನಿಸುತ್ತದೆ. ಸೈರನ್ ನಿಂತ ಮೇಲೆ ಆ ಹೆಣ್ಣುಮಗಳು ಮತ್ತೆ ರೊಟ್ಟಿಗೆ ಕೈ ಹಾಕುತ್ತಾಳೆ, ಅದೇ ಅವಳು ಮಾಡುವ ತಪ್ಪು, ವಿಡಿಯೋ ಹೇಳಹೊರಟ ಪಾಠವೂ ಅದೇ. ಸದ್ದು ನಿಂತಿತೆಂದು ಹೇಳುವ ಎಮೋಜಿ ಇಲ್ಲ. ಗೆರೆ ಹೊಡೆದ ಗಂಟೆ 🔕 ಇದೆ, ಆದರೆ ಅದನ್ನು ಕಂಡವರು ಫೋನನ್ನು ಸೈಲೆಂಟಿಗೆ ಹಾಕಿದ್ದಾರೆ ಎಂದುಕೊಳ್ಳುತ್ತಾರೆ.

ಮುಂದಿನ ದೃಶ್ಯದಲ್ಲಿ ಊರೊಳಗೆ ಡಂಗುರ ಸಾರುವ ಸದ್ದು ಬರುತ್ತದೆ, ಸಾರುವವನು ಕಾಣುವುದಿಲ್ಲ. ಅದಕ್ಕೆ 🥁 ಇಟ್ಟಿದ್ದರು. ಎರಡು ಕೋಲಿಟ್ಟ ಆ ಬ್ಯಾಂಡಿನ ಡ್ರಮ್ಮನ್ನು ನೋಡಿ ತಮ್ಮ "ಯಾರದೋ ಮದುವೆ" ಎಂದ. ನಮ್ಮ ಭಾಗದಲ್ಲಿ ಹಲಗೆಯ ಸದ್ದು ಮೊಹರಮ್ಮಿನದ್ದೂ ಇರಬಹುದು, ಜಾತ್ರೆಯದ್ದೂ ಇರಬಹುದು, ಸಾವಿನದ್ದೂ ಇರಬಹುದು. ಕೇಳುವವರು ಬಡಿತದಲ್ಲೇ ಅದನ್ನು ಗುರುತಿಸುತ್ತಾರೆ. ಆ ಗುರುತನ್ನು ಕಣ್ಣಿಗೆ ದಾಟಿಸಬೇಕಾದರೆ "[ಊರಲ್ಲಿ ಡಂಗುರ ಸಾರುತ್ತಿದ್ದಾರೆ]" ಎಂದು ಬರೆಯುವುದಲ್ಲದೆ ಬೇರೆ ದಾರಿ ನನಗೆ ತೋಚಿಲ್ಲ.

ಎಮೋಜಿಯ ಪರವಾಗಿ ಇರುವ ವಾದವನ್ನೂ ನಾನು ಮುಚ್ಚಿಡಲಾರೆ. ಸನ್ನೆ ಭಾಷೆಯಲ್ಲೇ ಬೆಳೆದ ಅನೇಕರಿಗೆ ಬರಹದ ಕನ್ನಡ ಎರಡನೆಯ ಭಾಷೆ, ಉದ್ದ ಸಾಲು ಓದಿ ಮುಗಿಸುವಷ್ಟರಲ್ಲಿ ದೃಶ್ಯ ಜಾರಿಬಿಡುತ್ತದೆ. ಮಾತಿನ ಧಾಟಿಯ ವಿಷಯದಲ್ಲಂತೂ ಎಮೋಜಿ ನಿಜಕ್ಕೂ ಕೆಲಸ ಮಾಡುತ್ತದೆ. "ಹೌದೌದು, ನೀವು ಬಹಳ ಪ್ರಾಮಾಣಿಕರು 😏" ಎಂದರೆ ತಮ್ಮನಿಗೆ ನಗು ಬರುತ್ತದೆ, "[ವ್ಯಂಗ್ಯವಾಗಿ]" ಎಂದು ಬರೆದರೆ ಪಠ್ಯಪುಸ್ತಕ ಓದಿದಂತಾಗುತ್ತದೆ ಎಂದು ಅವನೇ ನನಗೆ ಹೇಳಿದ್ದಾನೆ. ಹಾಸ್ಯದ ವಿಡಿಯೋಗಳಲ್ಲಿ ನಾನೂ ಹಾಗೆ ಮಾಡುತ್ತೇನೆ. ಆದರೆ ಮುಖಭಾವದ ಎಮೋಜಿಗಳ ಅರ್ಥವೂ ತಲೆಮಾರಿನಿಂದ ತಲೆಮಾರಿಗೆ ಹೊರಳುತ್ತಿದೆ. ನಾನು ಅಳುವೆಂದುಕೊಳ್ಳುವ 😭 ಅನ್ನು ಕಾಲೇಜಿನ ಹುಡುಗರು ನಗು ತಡೆಯಲಾಗದಾಗ ಕಳಿಸುತ್ತಾರೆ. ಒಳಕೋಣೆಯಿಂದ ಮಗುವಿನ ಅಳು ಕೇಳಿಸುವ ದೃಶ್ಯಕ್ಕೆ ಅದನ್ನು ಇಡಲು ನನಗೆ ಧೈರ್ಯವಿಲ್ಲ.

ಎಮೋಜಿಯ ಚಿತ್ರವೂ ಎಲ್ಲ ಕಡೆ ಒಂದೇ ಇರುವುದಿಲ್ಲ. 🔫 ಎಂಬುದನ್ನು ಆಪಲ್ 2016ರಲ್ಲಿ ನಿಜವಾದ ಪಿಸ್ತೂಲಿನಿಂದ ಹಸಿರು ನೀರಿನ ಪಿಸ್ತೂಲಿಗೆ ಬದಲಿಸಿತು, 2018ರ ಹೊತ್ತಿಗೆ ಉಳಿದ ಹೆಚ್ಚಿನ ಕಂಪನಿಗಳೂ ಹಾಗೆಯೇ ಮಾಡಿದವು. ಸಬ್‌ಟೈಟಲ್ ಕಡತದಲ್ಲಿ ಒಂದಕ್ಷರವೂ ಬದಲಾಗಲಿಲ್ಲ, ಆದರೂ ಹಳೆಯ ಫೋನಿನಲ್ಲಿ ಗುಂಡಿನ ಸದ್ದಾಗಿದ್ದುದು ಹೊಸ ಫೋನಿನಲ್ಲಿ ಮಕ್ಕಳಾಟವಾಯಿತು. ಇದಕ್ಕಿಂತ ಕೆಟ್ಟದ್ದು ಖಾಲಿ ಚೌಕ. ಯುಟಿಎಫ್-8 ಎಂಬ ಸಂಕೇತ ವ್ಯವಸ್ಥೆಯಲ್ಲಿ ಕನ್ನಡದ ಒಂದು ಅಕ್ಷರಚಿಹ್ನೆಗೆ ಮೂರು ಬೈಟ್ ಸಾಕು, 🚨 ನಂಥವಕ್ಕೆ ನಾಲ್ಕು ಬೇಕು. ಮೂರರವರೆಗೆ ಮಾತ್ರ ಅರಿತಿರುವ ಹಳೆಯ ತಂತ್ರಾಂಶಗಳಲ್ಲಿ ಮಾತಿನ ಸಾಲುಗಳೆಲ್ಲ ಸರಿಯಾಗಿ ಕಂಡು, ಸದ್ದಿದ್ದ ಜಾಗದಲ್ಲಿ ಮಾತ್ರ ಚೌಕವೋ ಪ್ರಶ್ನಾರ್ಥಕ ಚಿಹ್ನೆಯೋ ಉಳಿಯುತ್ತದೆ. ಕನ್ನಡ ಚೆನ್ನಾಗಿ ಕಾಣುತ್ತಿರುವುದರಿಂದ ಪರೀಕ್ಷಿಸುವವರಿಗೂ ಅನುಮಾನ ಬರುವುದಿಲ್ಲ.

ಹಾಡಿನ ಸಾಲಿಗೆ ಹಾಕುವ ♪ ಗುರುತಿನ ಕಥೆಯೇ ಬೇರೆ. ಸಾಲಿನ ಎರಡೂ ತುದಿಗೆ ಅದನ್ನು ಇಟ್ಟರೆ ನಡುವಿನದ್ದು ಹಾಡು ಎಂಬ ಕಟ್ಟಳೆ ಟಿವಿ ಕ್ಯಾಪ್ಷನ್‌ಗಳ ಕಾಲದಿಂದ ನೆಲೆನಿಂತಿದೆ, ಅದರ ಜೊತೆ ಸಾಮಾನ್ಯವಾಗಿ ಪದಗಳು ಇರುತ್ತವೆ.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರ 42ನೆಯ ಕಲಮು ವಿದ್ಯುನ್ಮಾನ ಮಾಧ್ಯಮದಲ್ಲಿ ಸನ್ನೆ ಭಾಷೆ ಮತ್ತು ಕ್ಯಾಪ್ಷನ್ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿದೆ. ಸಬ್‌ಟೈಟಲ್ ಇದೆ ಎಂಬಷ್ಟಕ್ಕೇ ಆ ಹೊಣೆ ತೀರಿತೆಂದು ಬಿಲ್ಲು ಪಾಸಾಗಬಾರದು ಎಂಬುದು ನನ್ನ ಕೋರಿಕೆ. ಜಿಲ್ಲೆಯಲ್ಲಿ ಜಾಗೃತಿ ವಿಡಿಯೋ ಮಾಡಿಸುವಾಗ ಕೊಡುವ ಕಾರ್ಯಾದೇಶದಲ್ಲಿ, ಮಾತಲ್ಲದ ಪ್ರತಿಯೊಂದು ಮುಖ್ಯ ಸದ್ದನ್ನೂ ಚೌಕ ಆವರಣದೊಳಗೆ ಕನ್ನಡ ಪದಗಳಲ್ಲಿ ಬರೆಯಬೇಕು, ಎಮೋಜಿ ಬೇಕೆನಿಸಿದರೆ ಆ ಪದಗಳ ನಂತರವೇ ಬರಬೇಕು ಎಂಬ ಒಂದು ಷರತ್ತನ್ನು ಸೇರಿಸಿ. ಬಿಡುಗಡೆಗೆ ಮುನ್ನ ವಿಡಿಯೋವನ್ನು ನದಿದಂಡೆಯ ಹಳ್ಳಿಗಳ ಇಬ್ಬರು ಮೂವರು ಕಿವಿ ಕೇಳದವರಿಗೆ, ಅವರದೇ ಅಗ್ಗದ ಫೋನಿನಲ್ಲಿ ತೋರಿಸಿ, ಆ ಹೆಣ್ಣುಮಗಳು ತಲೆ ಎತ್ತಿದ್ದು ಏಕೆಂದು ಕೇಳಿಸಿ. ಅಂಥ ಪರೀಕ್ಷೆಗೆ ಬರಲು ನನ್ನ ತಮ್ಮ ಒಪ್ಪಿದ್ದಾನೆ, ಅವನ ಸನ್ನೆಯನ್ನು ಕನ್ನಡಕ್ಕೆ ಹೇಳಲು ನಾನು ಜೊತೆಗೆ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಲಬುರಗಿಯ ಒಬ್ಬ ಸಬ್‌ಟೈಟಲ್ ಬರಹಗಾರ್ತಿ