ಡ್ಯಾಶ್‌ಬೋರ್ಡ್‌ನ ಮೊತ್ತಗಳು ಇನ್ನು ಮುಂದೆ ಹತ್ತು ನಿಮಿಷಕ್ಕೊಮ್ಮೆ ಹೊಸದಾಗುವ ಬಗ್ಗೆ

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಮಾನ್ಯ ದಲಾಲಿ ಅಂಗಡಿಗಳ ಮಾಲೀಕರಿಗೆ ಮತ್ತು ಗುಮಾಸ್ತರಿಗೆ,

ನಮಸ್ಕಾರ. ತಾವು ಬಳಸುತ್ತಿರುವ ನಮ್ಮ ಲೆಕ್ಕದ ತಂತ್ರಾಂಶದ ಮೊದಲ ಪುಟದಲ್ಲಿ, ಅಂದರೆ ಆವಕ, ತೂಕ ಮತ್ತು ಮೊತ್ತಗಳನ್ನು ದಿನವಾರು ಹಾಗೂ ತಳಿವಾರು ತೋರಿಸುವ ಡ್ಯಾಶ್‌ಬೋರ್ಡ್‌ನಲ್ಲಿ, ಮುಂದಿನ ಸೋಮವಾರದಿಂದ ಒಂದು ಬದಲಾವಣೆ ಜಾರಿಗೆ ಬರುತ್ತದೆ. ಪುಟ ತೆರೆದುಕೊಳ್ಳಲು ಈಗ ಹಿಡಿಯುವಷ್ಟು ಹೊತ್ತು ಇನ್ನು ಹಿಡಿಯುವುದಿಲ್ಲ. ಆದರೆ ಅದರಲ್ಲಿ ಕಾಣುವ ಮೊತ್ತಗಳು ಆ ಕ್ಷಣದವು ಆಗಿರದೆ, ಕೆಲವು ನಿಮಿಷ ಹಿಂದಿನವು ಆಗಿರುತ್ತವೆ. ಈ ಎರಡನೆಯ ಮಾತು ತಮ್ಮ ದಿನದ ವ್ಯವಹಾರಕ್ಕೆ ಸಂಬಂಧಿಸಿದ್ದರಿಂದ, ಯಾವ ಅಂಕಿಯನ್ನು ಯಾವಾಗ ನೆಚ್ಚಬಹುದು ಎಂಬುದು ತಮಗೆ ಮೊದಲೇ ಸ್ಪಷ್ಟವಾಗಿರಬೇಕೆಂದು ಈ ಪತ್ರ ಬರೆಯುತ್ತಿದ್ದೇವೆ.

ಈವರೆಗೆ ಆ ಪುಟವನ್ನು ಯಾರೇ ತೆರೆದರೂ ಡೇಟಾಬೇಸ್ ಮೂರು ಹಂಗಾಮುಗಳ ಲಾಟುಗಳನ್ನೆಲ್ಲ ಮೊದಲಿನಿಂದ ಓದಿ, ಡಬ್ಬಿ, ಕಡ್ಡಿ, ಗುಂಟೂರು ಎಂದು ವಿಂಗಡಿಸಿ, ಪ್ರತಿ ದಿನದ ಮೊತ್ತವನ್ನು ಹೊಸದಾಗಿ ಕೂಡಿಸುತ್ತಿತ್ತು. ಸಾಮಾನ್ಯ ದಿನಗಳಲ್ಲಿ ಇದು ಅಷ್ಟಾಗಿ ತಿಳಿಯುತ್ತಿರಲಿಲ್ಲ. ಆದರೆ ಸೋಮವಾರ ಮತ್ತು ಗುರುವಾರ ಟೆಂಡರ್ ಫಲಿತಾಂಶ ಬಂದ ಮೇಲೆ ಎಲ್ಲ ಅಂಗಡಿಗಳವರೂ ಒಂದೇ ಹೊತ್ತಿಗೆ ಪುಟ ತೆರೆಯುವುದರಿಂದ, ಒಂದೇ ಕೂಡಿಕೆಯನ್ನು ಯಂತ್ರವು ಹತ್ತಾರು ಜನರಿಗಾಗಿ ಹತ್ತಾರು ಸಲ ಮಾಡಬೇಕಾಗುತ್ತಿತ್ತು. ಆ ಹೊತ್ತಿನಲ್ಲಿ ಪುಟಕ್ಕೆ ಸುಮಾರು 20 ಸೆಕೆಂಡು ಹಿಡಿಯುತ್ತಿದ್ದುದನ್ನು ನಾವೂ ಅಳೆದು ನೋಡಿದ್ದೇವೆ. ಅದಕ್ಕಿಂತ ಮುಖ್ಯವಾಗಿ, ಅದೇ ಸಮಯದಲ್ಲಿ ಲಾಟು ನಮೂದಿಸುತ್ತಿದ್ದ ಗುಮಾಸ್ತರ ಕೆಲಸವೂ ನಿಧಾನವಾಗುತ್ತಿತ್ತು.

ಇನ್ನು ಮುಂದೆ ಈ ಕೂಡಿಕೆಯನ್ನು ಒಮ್ಮೆ ಮಾಡಿ, ಬಂದ ಉತ್ತರವನ್ನೇ ಡೇಟಾಬೇಸ್‌ನೊಳಗೆ ಒಂದು ಕೋಷ್ಟಕದಂತೆ ಇಟ್ಟುಕೊಳ್ಳಲಾಗುತ್ತದೆ. ಇದಕ್ಕೆ ಮೆಟೀರಿಯಲೈಸ್ಡ್ ವ್ಯೂ ಎನ್ನುತ್ತಾರೆ; ಮುಂದೆ ಸಾರಾಂಶ ಎಂದಿರುವುದು ಇದನ್ನೇ. ಕಿರ್ದಿಯ ಪುಟಗಳನ್ನು ಕೇಳಿದವರಿಗೆಲ್ಲ ಮತ್ತೆ ಮತ್ತೆ ಕೂಡಿಸಿ ಹೇಳುವ ಬದಲು ಮೊತ್ತಗಳನ್ನು ಬೇರೊಂದು ಹಾಳೆಯಲ್ಲಿ ಬರೆದಿಟ್ಟುಕೊಂಡಂತೆ ಇದು. ಕಿರ್ದಿಯಲ್ಲಿ ಹೊಸ ಸಾಲು ಬಿದ್ದರೆ ಹಾಳೆ ತಾನಾಗಿ ಬದಲಾಗುವುದಿಲ್ಲ, ಯಾರಾದರೂ ಅದನ್ನು ಮತ್ತೆ ಬರೆಯಬೇಕು. ನಾವು ಬಳಸುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಹೀಗೆ ಮತ್ತೆ ಬರೆಯುವುದಕ್ಕೆ ರಿಫ್ರೆಶ್ ಎಂದು ಹೆಸರು. ತಮ್ಮಲ್ಲಿ ಗಣಕದ ಕೆಲಸ ನೋಡಿಕೊಳ್ಳುವ ಕೆಲವರು ರಚನೆಯನ್ನು ಕೇಳಿದ್ದರಿಂದ ಅದನ್ನು ಇಲ್ಲಿ ಕೊಡುತ್ತಿದ್ದೇವೆ.

```sql
CREATE MATERIALIZED VIEW dina_saransha AS
SELECT angadi_id, dina, tali_id,
       count(*) AS lot_sankhye,
       sum(chila) AS chila,
       sum(tuka_kg) AS tuka_kg,
       sum(motta) AS motta
FROM lot
GROUP BY angadi_id, dina, tali_id;

CREATE UNIQUE INDEX ON dina_saransha
  (angadi_id, dina, tali_id);
```

ಕೊನೆಯ ಸಾಲಿನ ಯುನೀಕ್ ಇಂಡೆಕ್ಸ್ ಅಲಂಕಾರಕ್ಕಲ್ಲ. ಸಾದಾ ರಿಫ್ರೆಶ್ ನಡೆಯುವಾಗ ಆ ಸಾರಾಂಶವನ್ನು ಯಾರೂ ಓದಲಾಗದಂತೆ ಡೇಟಾಬೇಸ್ ಬೀಗ ಹಾಕುತ್ತದೆ, ಮತ್ತು ನಮ್ಮಲ್ಲಿ ಒಂದು ರಿಫ್ರೆಶ್‌ಗೆ ಸುಮಾರು 45 ಸೆಕೆಂಡು ಬೇಕು. ಹಾಗೆ ಬಿಟ್ಟಿದ್ದರೆ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಎಲ್ಲ ಅಂಗಡಿಗಳ ಪುಟವೂ ಮುಕ್ಕಾಲು ನಿಮಿಷ ನಿಂತುಬಿಡುತ್ತಿತ್ತು. ಆದ್ದರಿಂದ `CONCURRENTLY` ಎಂಬ ಬಗೆಯ ರಿಫ್ರೆಶ್ ಬಳಸುತ್ತೇವೆ. ಇದು ಹೊಸ ಮೊತ್ತಗಳನ್ನು ಪಕ್ಕದಲ್ಲಿ ಲೆಕ್ಕ ಹಾಕಿ, ಹಳೆಯದರೊಂದಿಗೆ ಸಾಲು ಸಾಲಾಗಿ ಹೋಲಿಸಿ, ಬದಲಾದ ಸಾಲುಗಳನ್ನು ಮಾತ್ರ ತಿದ್ದುತ್ತದೆ. ಅಲ್ಲಿಯವರೆಗೆ ತಾವು ಹಳೆಯ ಮೊತ್ತಗಳನ್ನು ತಡೆಯಿಲ್ಲದೆ ಓದುತ್ತಿರುತ್ತೀರಿ. ಯಾವ ಹಳೆಯ ಸಾಲಿಗೆ ಯಾವ ಹೊಸ ಸಾಲು ಎಂದು ಜೋಡಿಸಲು ಆ ಇಂಡೆಕ್ಸ್ ಇರಲೇಬೇಕು, ಇಲ್ಲದಿದ್ದರೆ ಡೇಟಾಬೇಸ್ ಆಜ್ಞೆಯನ್ನೇ ಒಪ್ಪುವುದಿಲ್ಲ. ಎರಡೂ ಬಗೆಯಲ್ಲಿ ಲಾಟು ನಮೂದಿಸುವುದಕ್ಕೆ ಮಾತ್ರ ಬೀಗವಿಲ್ಲ.

ಈಗ ಎಷ್ಟು ಹೊತ್ತಿಗೊಮ್ಮೆ ಎಂಬ ಪ್ರಶ್ನೆ. ಹಲವರು ಫೋನಿನಲ್ಲಿ ನಿಮಿಷಕ್ಕೊಮ್ಮೆ ಆಗಲಿ ಎಂದರು. ಇನ್ನು ಕೆಲವರು ಪ್ರತಿ ಲಾಟು ನಮೂದಾದ ಕೂಡಲೇ ಆಗಬಾರದೇಕೆ ಎಂದು ಕೇಳಿದರು. ಹೊಸ ಲಾಟು ಒಂದೇ ಇದ್ದರೂ ರಿಫ್ರೆಶ್ ಎಂದರೆ ಇಡೀ ಕೂಡಿಕೆಯನ್ನು ಮೊದಲಿನಿಂದ ಮಾಡುವುದು. ಹೀಗಿರುವಾಗ ಪ್ರತಿ ಲಾಟಿಗೂ ರಿಫ್ರೆಶ್ ಮಾಡಿದರೆ ನಾವು ತಪ್ಪಿಸಲು ಹೊರಟ ಭಾರವೇ ಹೆಚ್ಚಾಗಿ ಮರಳುತ್ತದೆ. ನಿಮಿಷಕ್ಕೊಮ್ಮೆ ಮಾಡಿದರೆ 60 ಸೆಕೆಂಡುಗಳಲ್ಲಿ 45 ಸೆಕೆಂಡು ಯಂತ್ರ ಅದರಲ್ಲೇ ತೊಡಗಿರುತ್ತದೆ, ಮತ್ತು ಟೆಂಡರ್ ನಂತರದ ಗದ್ದಲದಲ್ಲಿ ಒಂದು ರಿಫ್ರೆಶ್ ಸ್ವಲ್ಪ ತಡವಾದರೂ ಮುಂದಿನದು ಅದರ ಹಿಂದೆ ಕಾಯುತ್ತ ನಿಲ್ಲುತ್ತದೆ. ಏಕೆಂದರೆ ಒಂದು ಸಾರಾಂಶದ ಮೇಲೆ ಒಮ್ಮೆಗೆ ಒಂದೇ ರಿಫ್ರೆಶ್ ನಡೆಯಬಲ್ಲದು. ಹತ್ತು ನಿಮಿಷಕ್ಕೊಮ್ಮೆ ಆದರೆ ಆ ಭಾರ ಒಟ್ಟು ಸಮಯದ ಹನ್ನೆರಡನೆಯ ಒಂದು ಪಾಲಿಗೂ ಕಡಿಮೆ. ಒಂದು ರಿಫ್ರೆಶ್‌ಗೆ ಬೇಕಾಗುವ ಸಮಯ ಎರಡು ರಿಫ್ರೆಶ್‌ಗಳ ನಡುವಿನ ಅಂತರದ ಹತ್ತನೆಯ ಒಂದು ಪಾಲನ್ನು ಮೀರಬಾರದು ಎಂಬುದನ್ನು ನಾವು ನಮ್ಮ ಮಿತಿಯಾಗಿ ಇಟ್ಟುಕೊಂಡಿದ್ದೇವೆ.

ಆದರೆ ಯಂತ್ರಕ್ಕೆ ಯಾವುದು ಹಗುರ ಎಂಬುದರಿಂದ ಮಾತ್ರ ಇದನ್ನು ತೀರ್ಮಾನಿಸುವುದು ಸರಿಯಲ್ಲವೆಂದು ನಾವು ನಂಬುತ್ತೇವೆ. ಆ ಅಂಕಿಯನ್ನು ನೋಡಿ ತಾವು ಏನು ಮಾಡುತ್ತೀರಿ ಎಂಬುದೇ ದೊಡ್ಡ ವಿಚಾರ. ಕಳೆದ ಹಂಗಾಮಿಗೆ ಹೋಲಿಸಿದರೆ ಆವಕ ಹೇಗಿದೆ, ಈ ವಾರ ಕಡ್ಡಿಯ ಸರಾಸರಿ ಧಾರಣೆ ಎತ್ತ ಸಾಗಿದೆ ಎಂದು ನೋಡುವವರಿಗೆ ಹತ್ತು ನಿಮಿಷದಿಂದ ಏನೂ ವ್ಯತ್ಯಾಸವಾಗುವುದಿಲ್ಲ. ಆದರೆ ಖರೀದಿದಾರರೊಬ್ಬರ ಬಾಕಿ ನೋಡಿ ಮತ್ತಷ್ಟು ಮಾಲು ಉದ್ರಿ ಕೊಡಬೇಕೋ ಬೇಡವೋ ಎಂದು ನಿರ್ಧರಿಸುವವರಿಗೆ ಎರಡು ನಿಮಿಷ ಹಳೆಯ ಅಂಕಿಯೂ ನಷ್ಟ ತರಬಹುದು. ಆದ್ದರಿಂದ ಖರೀದಿದಾರರ ಮತ್ತು ರೈತರ ಖಾತೆ ಬಾಕಿ, ಇಂದಿನ ಲಾಟುಗಳ ಯಾದಿ, ರೈತರಿಗೆ ಮುದ್ರಿಸಿ ಕೊಡುವ ಪಟ್ಟಿ, ಇವು ಸಾರಾಂಶವನ್ನು ಮುಟ್ಟುವುದೇ ಇಲ್ಲ. ಮೊದಲಿನಂತೆ ಮೂಲ ನಮೂದುಗಳಿಂದ ಆ ಕ್ಷಣದಲ್ಲೇ ಲೆಕ್ಕವಾಗುತ್ತವೆ. ಇವುಗಳಲ್ಲಿ ಓದಬೇಕಾದ ಸಾಲುಗಳು ಕಡಿಮೆ ಇರುವುದರಿಂದ ಇವು ಎಂದೂ ನಿಧಾನವಾಗಿರಲಿಲ್ಲ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಸೋಮವಾರ ಮಧ್ಯಾಹ್ನ 18 ಚೀಲದ ಒಂದು ಕಡ್ಡಿ ಲಾಟನ್ನು 720 ಕಿಲೋ ಎಂದು ನಮೂದಿಸಿದ್ದೀರಿ, ಧಾರಣೆ ಕ್ವಿಂಟಲ್‌ಗೆ 16,000 ರೂಪಾಯಿ, ಮೊತ್ತ 1,15,200 ರೂಪಾಯಿ ಎಂದಿಟ್ಟುಕೊಳ್ಳಿ. 4 ಗಂಟೆ 6 ನಿಮಿಷಕ್ಕೆ ತೂಕದ ಚೀಟಿ ನೋಡಿ ಅದನ್ನು 702 ಕಿಲೋ ಎಂದು ತಿದ್ದುತ್ತೀರಿ, ಮೊತ್ತ 1,12,320 ಆಗುತ್ತದೆ. ಆ ಕೂಡಲೇ ಪಟ್ಟಿ ಮುದ್ರಿಸಿದರೆ ಅದರಲ್ಲಿ 1,12,320 ರೂಪಾಯಿಯೇ ಇರುತ್ತದೆ, ರೈತರ ಖಾತೆಯಲ್ಲಿಯೂ ಅಷ್ಟೇ. ಡ್ಯಾಶ್‌ಬೋರ್ಡ್‌ನ ದಿನದ ಮೊತ್ತದಲ್ಲಿ ಮಾತ್ರ 2,880 ರೂಪಾಯಿ ಹೆಚ್ಚೇ ಕಾಣುತ್ತಿರುತ್ತದೆ. 4 ಗಂಟೆ 10 ನಿಮಿಷಕ್ಕೆ ರಿಫ್ರೆಶ್ ಶುರುವಾಗಿ ಮುಕ್ಕಾಲು ನಿಮಿಷದಲ್ಲಿ ಮುಗಿದ ಮೇಲೆ ಎರಡೂ ಒಂದಾಗುತ್ತವೆ. ತಿದ್ದುಪಡಿಯು ರಿಫ್ರೆಶ್ ಶುರುವಾದ ಮರುಕ್ಷಣ ಆಗಿದ್ದರೆ ಅದು ಆ ಸಲದ ಲೆಕ್ಕಕ್ಕೆ ಸಿಗದೆ ಮುಂದಿನ ಸರದಿಗೆ ಹೋಗುತ್ತದೆ. ಆದ್ದರಿಂದ ಹತ್ತು ನಿಮಿಷದ ಸರದಿ ಇರುವಾಗ ಅತಿ ಹೆಚ್ಚೆಂದರೆ ಹನ್ನೊಂದು ನಿಮಿಷದ ವ್ಯತ್ಯಾಸ ಕಾಣಬಹುದು. ಈ ಅವಧಿಯಲ್ಲಿ ಎರಡು ಪುಟಗಳು ತಾಳೆಯಾಗದಿದ್ದರೆ ಖಾತೆಯ ಪುಟವೇ ಸರಿ ಎಂದು ತಿಳಿಯಬೇಕಾಗಿ ವಿನಂತಿ. ಹಿಂದಿನ ತಿಂಗಳ ಲಾಟನ್ನು ಇಂದು ತಿದ್ದಿದರೂ ಇದೇ ನಿಯಮ ಅನ್ವಯಿಸುತ್ತದೆ, ಏಕೆಂದರೆ ಪ್ರತಿ ಸಲವೂ ಎಲ್ಲ ದಿನಗಳ ಮೊತ್ತವೂ ಹೊಸದಾಗಿ ಕೂಡುತ್ತದೆ.

ಸೋಮವಾರ ಮತ್ತು ಗುರುವಾರ ಬೆಳಿಗ್ಗೆ 9ರಿಂದ ರಾತ್ರಿ 11ರ ವರೆಗೆ ಹತ್ತು ನಿಮಿಷಕ್ಕೊಮ್ಮೆ, ಉಳಿದ ದಿನಗಳಲ್ಲಿ ಅದೇ ಅವಧಿಯಲ್ಲಿ ಗಂಟೆಗೊಮ್ಮೆ ರಿಫ್ರೆಶ್ ನಡೆಯುತ್ತದೆ. ತಡರಾತ್ರಿಯ ನಮೂದುಗಳಿಗಾಗಿ ಪ್ರತಿದಿನ ಬೆಳಗಿನ 5 ಗಂಟೆಗೆ ಇನ್ನೊಂದು ಇರುತ್ತದೆ.

ಮೆಟೀರಿಯಲೈಸ್ಡ್ ವ್ಯೂ ಬಳಸುವಲ್ಲಿ ನಾವು ಎಲ್ಲಕ್ಕಿಂತ ಹೆಚ್ಚು ಎಚ್ಚರ ವಹಿಸಿರುವುದು ಒಂದು ವಿಷಯದಲ್ಲಿ. ರಿಫ್ರೆಶ್ ಯಾವುದೋ ಕಾರಣಕ್ಕೆ ನಿಂತುಹೋದರೆ ಪುಟದಲ್ಲಿ ಯಾವ ದೋಷವೂ ಕಾಣುವುದಿಲ್ಲ. ಹಳೆಯ ಮೊತ್ತಗಳು ಹೊಸವುಗಳಂತೆಯೇ ಶಾಂತವಾಗಿ ಕುಳಿತಿರುತ್ತವೆ. ಕೊನೆಯ ರಿಫ್ರೆಶ್ ಯಾವಾಗ ಆಯಿತೆಂಬುದನ್ನು ಪೋಸ್ಟ್‌ಗ್ರೆಸ್ ತಾನಾಗಿ ಬರೆದಿಡುವುದೂ ಇಲ್ಲ. ಆದ್ದರಿಂದ ಆ ಸಮಯವನ್ನು ನಾವೇ ಒಂದು ಪುಟ್ಟ ಕೋಷ್ಟಕದಲ್ಲಿ ಬರೆದು, ತಮ್ಮ ಪುಟದ ಮೇಲ್ಭಾಗದಲ್ಲಿ ತೋರಿಸುತ್ತೇವೆ.

```sql
BEGIN;
REFRESH MATERIALIZED VIEW CONCURRENTLY dina_saransha;
UPDATE saransha_samaya SET samaya = now();
COMMIT;
```

ಎರಡೂ ಆಜ್ಞೆಗಳು ಡೇಟಾಬೇಸ್‌ನ ಒಂದೇ ವಹಿವಾಟಿನೊಳಗೆ, ಅಂದರೆ ಆದರೆ ಎರಡೂ ಆಗುವ ಇಲ್ಲವೇ ಎರಡೂ ಆಗದ ಒಂದು ಕಟ್ಟಿನೊಳಗೆ, ಇರುವುದರಿಂದ ರಿಫ್ರೆಶ್ ವಿಫಲವಾದರೆ ಸಮಯವೂ ಮುಂದೆ ಸರಿಯುವುದಿಲ್ಲ. `now()` ಕೊಡುವುದು ವಹಿವಾಟು ಶುರುವಾದ ಸಮಯವನ್ನು. ಹಾಗಾಗಿ ಪುಟದ ಮೇಲೆ 4:10 ಎಂದಿದ್ದರೆ, ಆ ಹೊತ್ತಿಗೆ ಉಳಿಸಿದ ನಮೂದುಗಳೆಲ್ಲ ಮೊತ್ತದಲ್ಲಿ ಸೇರಿವೆ ಎಂದು ತಾವು ನಿಶ್ಚಿಂತೆಯಿಂದ ನಂಬಬಹುದು. ಈ ಸಮಯವನ್ನು ಸಾರಾಂಶದೊಳಗೇ ಒಂದು ಅಂಕಣವಾಗಿ ಸೇರಿಸಿದರೆ ಸುಲಭವಲ್ಲವೇ ಎಂದು ತಮ್ಮ ಗಣಕದವರು ಕೇಳಬಹುದು. ಹಾಗೆ ಮಾಡಿದರೆ ಪ್ರತಿ ರಿಫ್ರೆಶ್‌ನಲ್ಲೂ ಎಲ್ಲ ಸಾಲುಗಳ ಸಮಯ ಬದಲಾಗಿ, ಮೂರು ವರ್ಷಗಳ ಸಾಲುಗಳೆಲ್ಲ ಹತ್ತು ನಿಮಿಷಕ್ಕೊಮ್ಮೆ ಅಳಿಸಿ ಹೊಸದಾಗಿ ಬರೆಯಲ್ಪಡುತ್ತವೆ. ಅಳಿಸಿದ ಸಾಲುಗಳ ಜಾಗ ತಕ್ಷಣ ತೆರವಾಗದೆ ಕೋಷ್ಟಕ ಉಬ್ಬುತ್ತ ಹೋಗಿ, ಪುಟ ಮತ್ತೆ ನಿಧಾನವಾಗುತ್ತದೆ. ಸಮಯ ಹೊರಗಿದ್ದರೆ ಆ ದಿನ ನಿಜವಾಗಿ ಬದಲಾದ ಕೆಲವೇ ಸಾಲುಗಳು ಮಾತ್ರ ತಿದ್ದುಪಡಿಯಾಗುತ್ತವೆ.

ಮೇಲೆ ಹೇಳಿದ ಅವಧಿಯಲ್ಲಿ ಸತತ ಎರಡು ಸರದಿ ತಪ್ಪಿದರೆ ಆ ಸಮಯದ ಸಾಲು ಕೆಂಪಾಗುತ್ತದೆ; ನಮಗೂ ಅದೇ ಹೊತ್ತಿಗೆ ಸೂಚನೆ ಬರುತ್ತದೆ. ಸಾಲು ಕೆಂಪಾಗಿರುವಾಗ ಡ್ಯಾಶ್‌ಬೋರ್ಡ್‌ನ ಮೊತ್ತಗಳನ್ನು ಬಳಸದೆ ಖಾತೆ ಮತ್ತು ಇಂದಿನ ಲಾಟುಗಳ ಪುಟಗಳನ್ನೇ ನೋಡಬೇಕಾಗಿ ಕೋರುತ್ತೇವೆ. ಅವು ಆಗಲೂ ಸರಿಯಾಗಿಯೇ ಇರುತ್ತವೆ.

ಈ ವ್ಯವಸ್ಥೆಗೆ ಒಂದು ಮಿತಿಯಿದೆ. ಹಂಗಾಮುಗಳು ಸೇರುತ್ತ ಹೋದಂತೆ 45 ಸೆಕೆಂಡು ಬೆಳೆಯುತ್ತದೆ. ಅದು ಒಂದು ನಿಮಿಷ ಮುಟ್ಟಿದಾಗ, ಹಿಂದಿನ ಹಂಗಾಮುಗಳ ಮೊತ್ತಗಳನ್ನು ಬೇರೆ ಸಾರಾಂಶವಾಗಿ ಒಡೆದು, ಅದನ್ನು ರಾತ್ರಿ ಒಮ್ಮೆ ಮಾತ್ರ ರಿಫ್ರೆಶ್ ಮಾಡುವ ಯೋಚನೆಯಿದೆ. ಆಗ ಹಳೆಯ ಹಂಗಾಮಿನ ತಿದ್ದುಪಡಿಗಳು ಮರುದಿನ ಬೆಳಿಗ್ಗೆ ಕಾಣುತ್ತವೆ. ಹಾಗೆ ಮಾಡುವ ಮೊದಲು ತಮಗೆ ಮತ್ತೆ ಪತ್ರ ಬರೆಯುತ್ತೇವೆ.

ತಮ್ಮಲ್ಲಿ ಯಾರಾದರೂ ಮಂಗಳವಾರ ಅಥವಾ ಶುಕ್ರವಾರ ಬೆಳಿಗ್ಗೆಯೂ ಹಿಂದಿನ ದಿನದ ಲಾಟುಗಳನ್ನು ನಮೂದಿಸುತ್ತಿದ್ದು, ಗಂಟೆಗೊಮ್ಮೆ ಸಾಲದು ಎನಿಸಿದರೆ, ಯಾವ ಹೊತ್ತಿನಲ್ಲಿ ಮತ್ತು ಯಾವ ಅಂಕಿಗಾಗಿ ಎಂಬುದನ್ನು ಈ ಶನಿವಾರದೊಳಗೆ ನಮಗೆ ತಿಳಿಸಬೇಕಾಗಿ ವಿನಂತಿ. ಆ ಎರಡು ದಿನಗಳ ಬೆಳಗಿನ ವೇಳೆ ಹತ್ತು ನಿಮಿಷದ ಸರದಿಯನ್ನು ವಿಸ್ತರಿಸಲು ಯಂತ್ರದಲ್ಲಿ ಅವಕಾಶವಿದೆ.

ತಮ್ಮ ವಿಶ್ವಾಸಿಗಳು,
ತಾಂತ್ರಿಕ ವಿಭಾಗದ ಪರವಾಗಿ,
ಹುಬ್ಬಳ್ಳಿ