ಎಂಟನೇ ತರಗತಿಯ ಪೋಷಕರಿಗೆ: ಪ್ರಾಜೆಕ್ಟಿನ ಅಂಕದ ಬಗ್ಗೆ

ಪ್ರಿಯ ಪೋಷಕರೇ,

ಪ್ರಾಜೆಕ್ಟಿನಲ್ಲಿ ಅಂಕ ಕಡಿಮೆಯಾಗಿದ್ದಕ್ಕೆ ನಿಮ್ಮಲ್ಲಿ ಕೆಲವರಿಗೆ ಬೇಸರವಾಗಿದೆ. "ಪದಗಳನ್ನೆಲ್ಲ ಬದಲಾಯಿಸಿದ್ದಾನಲ್ಲ, ಮತ್ತೆ ನಕಲು ಹೇಗೆ?" ಅಂತ ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮಕ್ಕಳಿಗೆ ಕೊಟ್ಟಿದ್ದು ಮಲ್ಪೆಯ ಸೈಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳ ಬಗ್ಗೆ ಪುಸ್ತಕದ ಒಂದೇ ಪ್ಯಾರಾ. ಅದನ್ನು ಓದಿ ಸ್ವಂತ ಮಾತಿನಲ್ಲಿ ಬರೆಯಬೇಕಿತ್ತು. ಅದರ ಮುಖ್ಯ ವಾಕ್ಯ ಇದು: "ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಹೊರಬಂದ ಲಾವಾ ತಣ್ಣಗಾಗಿ ಕುಗ್ಗಿ, ಬಿರುಕು ಬಿಟ್ಟು ಈ ಕಂಬಗಳು ಉಂಟಾದವು ಎನ್ನುತ್ತಾರೆ ವಿಜ್ಞಾನಿಗಳು."

ಹೆಚ್ಚಿನವರು ಬರೆದದ್ದು: "ಸರಿಸುಮಾರು 8.8 ಕೋಟಿ ವರ್ಷಗಳ ಮೊದಲು, ಮಡಗಾಸ್ಕರ್ ಭಾರತದಿಂದ ದೂರವಾಗುತ್ತಿದ್ದ ಸಮಯದಲ್ಲಿ ಹೊರಬಿದ್ದ ಲಾವಾ ಆರಿ ಸಂಕುಚಿಸಿ, ಸೀಳು ಬಿಟ್ಟು ಈ ಸ್ತಂಭಗಳು ನಿರ್ಮಾಣವಾದವು ಎನ್ನುತ್ತಾರೆ ತಜ್ಞರು." ಎರಡನ್ನೂ ಮೇಲೆ ಕೆಳಗೆ ಇಟ್ಟು ಓದಿ ನೋಡಿ. ಅದೇ ಆರಂಭ, ಅದೇ ಸಾಲು, ಅದೇ ಮುಕ್ತಾಯ. ಪದ ಮಾತ್ರ ಬೇರೆ, ವಾಕ್ಯ ಅದೇ. ಮಗು ಮೋಸ ಮಾಡಿದೆ ಅಂತ ನಾವು ಖಂಡಿತ ಹೇಳುತ್ತಿಲ್ಲ. ಪುಸ್ತಕ ಎದುರಿಗೆ ತೆರೆದಿದ್ದರೆ ಯಾರ ಕೈಯೂ ಹೀಗೆಯೇ ಓಡುತ್ತದೆ. ಆದರೆ ಇದು ಸ್ವಂತ ಬರವಣಿಗೆ ಅಲ್ಲ, ಆ ಮಾತನ್ನು ನಾವು ಬಿಡುವ ಹಾಗಿಲ್ಲ.

ಇನ್ನು ಕೆಲವರು ತೀರಾ ಬದಲಾಯಿಸಲು ಹೋಗಿ, "8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಬೇರ್ಪಟ್ಟದ್ದರಿಂದ ಬಿರುಕು ಬಿದ್ದು ಕಂಬಗಳಾದವು" ಅಂತ ಬರೆದಿದ್ದಾರೆ. ಇಲ್ಲಿ 80 ಲಕ್ಷ ವರ್ಷ ಸುಮ್ನೆ ಮಾಯವಾಗಿದೆ. "ಸುಮಾರು" ಹೋಗಿದೆ, "ಎನ್ನುತ್ತಾರೆ ವಿಜ್ಞಾನಿಗಳು" ಅನ್ನುವುದೂ ಹೋಗಿದೆ. ಬಿರುಕಿಗೆ ಕಾರಣ ಲಾವಾ ತಣ್ಣಗಾಗಿ ಕುಗ್ಗಿದ್ದು. ಮಡಗಾಸ್ಕರ್ ಬೇರ್ಪಡುತ್ತಿದ್ದದ್ದು ಆಗಿನ ಕಾಲದ ಗುರುತು ಅಷ್ಟೇ. ಮೂಲದಲ್ಲಿ ಇಲ್ಲದ್ದು ಸೇರಿತು, ಇದ್ದದ್ದು ಜಾರಿತು.

ತರಗತಿಯಲ್ಲಿ ಕಲಿಸಿದ ಕ್ರಮ ಸರಳ. ಪ್ಯಾರಾವನ್ನು ಅರ್ಥವಾಗುವ ತನಕ ಓದಬೇಕು. ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಪೂರ್ತಿ ವಾಕ್ಯವಾಗಿ ಅಲ್ಲ, ತುಂಡು ಪದಗಳಲ್ಲಿ ಗುರುತು ಹಾಕಬೇಕು: ಲಾವಾ, ಕುಗ್ಗಿತು, ಬಿರುಕು, ಮಡಗಾಸ್ಕರ್, ಸುಮಾರು 8.8 ಕೋಟಿ. ಆಮೇಲೆ ಬೇರೆ ತುದಿಯಿಂದ ಶುರು ಮಾಡಬೇಕು. ಒಬ್ಬಳು ವಿದ್ಯಾರ್ಥಿನಿ ಬರೆದದ್ದು ನೋಡಿ: "ವಿಜ್ಞಾನಿಗಳ ಪ್ರಕಾರ ಈ ಕಂಬಗಳು ಹಿಂದೊಮ್ಮೆ ಲಾವಾ ಆಗಿದ್ದವು. ಬಿಸಿ ಇಳಿದಂತೆ ಲಾವಾ ಕುಗ್ಗಿತು, ಬಿರುಕುಗಳಾಗಿ ಕಂಬದ ಆಕಾರ ಬಂತು. ಇದು ಉಕ್ಕಿ ಬಂದದ್ದು ಸುಮಾರು 8.8 ಕೋಟಿ ವರ್ಷದ ಕೆಳಗೆ. ಆಗ ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುತ್ತಿದ್ದವು." ಎಷ್ಟು ಚಂದ ಅಲ್ವಾ! ಲಾವಾ, ಮಡಗಾಸ್ಕರ್, ಅಂಕಿ ಹಾಗೇ ಇವೆ. ಅವನ್ನು ಬದಲಾಯಿಸುವ ಅಗತ್ಯವೂ ಇಲ್ಲ, ಅವು ನಕಲೂ ಅಲ್ಲ. ಬರೆದಾದ ಮೇಲೆ ಪುಸ್ತಕ ತೆರೆದು ಒಂದೊಂದೇ ಸಂಗತಿ ತಾಳೆ ನೋಡಬೇಕು, ಕೆಳಗೆ ಪುಸ್ತಕದ ಹೆಸರನ್ನೂ ಹಾಕಬೇಕು. ಮಾತು ನಮ್ಮದಾದರೂ ವಿಷಯ ಅಲ್ಲಿಂದಲೇ ಬಂದದ್ದು.

ಕಡಿತವಾದ ಅಂಕವನ್ನು ಸುಮ್ನೆ ವಾಪಸ್ ಕೊಡಲಾಗದು. ಆದರೆ ಶುಕ್ರವಾರದೊಳಗೆ ಗುರುತು ಹಾಕಿದ ಹಾಳೆ ಸಮೇತ ಮತ್ತೆ ಬರೆದು ಕೊಟ್ಟರೆ ಹೊಸದಾಗಿ ಅಂಕ ಕೊಡುತ್ತೇವೆ.

ಮಗು ಬರೆಯಲು ಕೂತಾಗ ಪುಸ್ತಕ ಮುಚ್ಚಿದೆಯೇ ಅಂತ ಮಾತ್ರ ನೋಡಿಕೊಳ್ಳಿ.

ವಂದನೆಗಳೊಂದಿಗೆ,
ಮುಖ್ಯೋಪಾಧ್ಯಾಯಿನಿ